19 ಮೈಕ್ರಾನಿನ ಮಸಿಬಟ್ಟೆ

ರಾಮನಗುಳಿಯಲ್ಲಿ ಸ್ವೆಟರ್ ಬೇಕಾಗುವುದು ವರ್ಷಕ್ಕೆ ಹೆಚ್ಚೆಂದರೆ ಇಪ್ಪತ್ತು ಬೆಳಗು. ಧನುರ್ಮಾಸದಲ್ಲಿ ಗಂಗಾವಳಿಯಿಂದ ಎದ್ದ ಮಂಜು ಅಡಿಕೆ ತೋಟಕ್ಕೆ ನುಗ್ಗುತ್ತದೆ. ಹುಬ್ಬಳ್ಳಿಯಿಂದ ಬಂದ ಲಾರಿಗಳು ದೀಪ ಹಚ್ಚಿಕೊಂಡೇ ಅಂಕೋಲೆಯ ಕಡೆಗೆ ತೆವಳುತ್ತವೆ. ಆಗ ಒಂದೆರಡು ತಾಸು ಚಳಿ. ಹತ್ತು ಗಂಟೆಗೆ ಬೆವರು ಶುರು. ಉಳಿದ ಮುನ್ನೂರ ನಲವತ್ತೈದು ದಿನ ಸ್ವೆಟರ್ ಪೆಟ್ಟಿಗೆಯೊಳಗೆ ಬೂಷ್ಟು ಹಿಡಿಸಿಕೊಳ್ಳುವ ಕೆಲಸ ಮಾಡುತ್ತದೆ.

ಆದರೆ ಮಗ ಬೆಂಗಳೂರಿನಲ್ಲಿದ್ದರೆ ಅಪ್ಪನಿಗೆ ಚಳಿಯಾಗಲೇಬೇಕು. ಅಲ್ಲಿ ಅವನಿಗೆ ಚಳಿಯಾದ ದಿನ ಇಲ್ಲಿ ನನಗೊಂದು ಸ್ವೆಟರ್ ಬರುತ್ತದೆ. ಹೀಗೆ ಎರಡು ವರ್ಷದ ಅಂತರದಲ್ಲಿ ಎರಡು ಸ್ವೆಟರ್ ಬಂದವು. ಮೊದಲನೆಯದು ಸುಳ್ಳು ಹೇಳಿಕೊಂಡು ಬಂತು, ಇವತ್ತಿಗೂ ಗಟ್ಟಿಮುಟ್ಟಾಗಿದೆ. ಎರಡನೆಯದು ನಿಜ ಹೇಳಿಕೊಂಡು ಬಂತು, ಒಂಬತ್ತು ಬೆಳಗು ಬದುಕಿ ತೀರಿಕೊಂಡಿತು. ಕೊಂದವರು ಯಾರು ಎಂಬ ವಿಷಯದಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ತನಿಖೆಯ ವರದಿ ಇಲ್ಲಿದೆ.

ಮೊದಲ ಸ್ವೆಟರಿನ ಜಾತಕವನ್ನು ಮಗ ಫೋನಿನಲ್ಲಿ ತೋರಿಸಿದ್ದ. 'ಪ್ರೀಮಿಯಂ ವುಲನ್ ಫೀಲ್, ಕ್ಯಾಶ್ಮೀರ್ ಟಚ್, ಅಲ್ಟ್ರಾ ವಾರ್ಮ್ ವಿಂಟರ್ ವೇರ್.' ಒಂದೇ ಉಸಿರಿನಲ್ಲಿ ಓದಿದರೆ ಅದಕ್ಕೇ ಮೈ ಬೆಚ್ಚಗಾಗುತ್ತದೆ. 'ವುಲನ್ ಫೀಲ್' ಎಂದರೆ ಉಣ್ಣೆಯ ಅನುಭವ. ನಮ್ಮೂರ ಮದುವೆ ಮನೆಯಲ್ಲಿ ಬಡಿಸುವವನು 'ಇದು ತುಪ್ಪದ ಅನುಭವ' ಅಂದಿದ್ದರೆ ಪಂಕ್ತಿಯಲ್ಲಿ ಕೂತವರು ಎಲೆ ಮಡಚಿ ಏಳುತ್ತಿದ್ದರು. ಬಟ್ಟೆಯ ವಿಷಯದಲ್ಲಿ ಮಾತ್ರ ನಾವು ಎಲೆ ಹಾಸಿಕೊಂಡು ಕೂತೇ ಇದ್ದೇವೆ.

ನಿಜವಾದ ಜಾತಕ ಬಟ್ಟೆಯ ಒಳಗಿತ್ತು. ಎಡ ಪಕ್ಕೆಯ ಹೊಲಿಗೆಯಲ್ಲಿ ಉಗುರಿನಗಲದ ಒಂದು ಪಟ್ಟಿ, ಅದರಲ್ಲಿ ಇರುವೆಗೆ ಓದಲಿಕ್ಕೆ ಅನುಕೂಲವಾಗುವ ಅಕ್ಷರ. ಅಕ್ರಿಲಿಕ್ 90%, ಪಾಲಿಯೆಸ್ಟರ್ 7%, ಉಣ್ಣೆ 3%. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ ಸ್ವೆಟರ್ 400 ಗ್ರಾಂ ಇತ್ತು. ಅದರ ನೂರಕ್ಕೆ ಮೂರು ಪಾಲು ಎಂದರೆ 12 ಗ್ರಾಂ ಉಣ್ಣೆ. ಯಾವುದೋ ಕುರಿ ಬೇಲಿ ದಾಟುವಾಗ ಮುಳ್ಳಿಗೆ ಸಿಕ್ಕಿ ಉಳಿದದ್ದೂ ಅಷ್ಟಿರುತ್ತದೆ. ಆ ಹನ್ನೆರಡು ಗ್ರಾಮಿನ ಬಲದ ಮೇಲೆ ಉಳಿದ 388 ಗ್ರಾಂ ಪ್ಲಾಸ್ಟಿಕ್ಕು 'ವುಲನ್' ಎಂಬ ಬಿರುದು ಹೊದ್ದುಕೊಂಡಿತ್ತು. ಚುನಾವಣೆಯಲ್ಲಿ ಮೂರು ಪರ್ಸೆಂಟ್ ಮತ ಬಿದ್ದವನ ಠೇವಣಿ ಹೋಗುತ್ತದೆ. ಬಟ್ಟೆಯಲ್ಲಿ ಅವನೇ ಮುಖ್ಯಮಂತ್ರಿ.

ನನಗೆ ಪಟ್ಟಿಯ ಮೇಲೂ ಪೂರ್ತಿ ನಂಬಿಕೆ ಬರಲಿಲ್ಲ. ನಾನು ಚಿಕ್ಕವನಿದ್ದಾಗ ರಾಣೆಬೆನ್ನೂರ ಕಡೆಯಿಂದ ಹೆಗಲ ಮೇಲೆ ಕಂಬಳಿ ಹೊತ್ತು ಬರುತ್ತಿದ್ದ ಒಬ್ಬ ವ್ಯಾಪಾರಿ ಕಲಿಸಿದ ಪರೀಕ್ಷೆ ನೆನಪಾಯಿತು. ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದೆ. ಉಣ್ಣೆಯಾದರೆ ಮನಸ್ಸಿಲ್ಲದ ಮನಸ್ಸಿನಿಂದ ಉರಿಯುತ್ತದೆ, ಬೆಂಕಿ ದೂರ ಮಾಡಿದರೆ ತಾನೇ ಆರುತ್ತದೆ, ಸುಟ್ಟ ಕೂದಲಿನ ನಾತ ಬರುತ್ತದೆ. ಉಳಿದ ಕರಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ನನ್ನ ಎಳೆ ಹಾಗೇನೂ ಸಂಕೋಚಪಡಲಿಲ್ಲ. ಭಗ್ಗನೆ ಹತ್ತಿಕೊಂಡಿತು, ಕರಗಿ ತೊಟ್ಟಿಕ್ಕಿತು, ಕರೀ ಹೊಗೆ ಬಿಟ್ಟು ಕೊನೆಗೆ ಸಾಸಿವೆಯಂಥ ಗಟ್ಟಿ ಮಣಿಯಾಗಿ ಕೂತಿತು. ಕಲ್ಲಲ್ಲಿ ಜಜ್ಜಿದರೂ ಆ ಮಣಿ ಪುಡಿಯಾಗಲಿಲ್ಲ. ಕ್ಯಾಶ್ಮೀರಿನ ಸ್ಪರ್ಶ ಎಂದರೆ ಇದೇ ಇರಬೇಕು.

ಅಕ್ರಿಲಿಕ್ಕಿನ ಮೇಲೆ ನನಗೆ ದ್ವೇಷವಿಲ್ಲ. ಅದು ಅಗ್ಗ, ಹಗುರ, ಚುಚ್ಚುವುದಿಲ್ಲ, ನುಸಿ ತಿನ್ನುವುದಿಲ್ಲ. ಒಣ ಚಳಿಯಲ್ಲಿ ಮೈ ಬೆಚ್ಚಗೂ ಇಡುತ್ತದೆ. ಯಾಕೆಂದರೆ ಬೆಚ್ಚಗಿಡುವುದು ಯಾವ ನಾರಿನ ಸ್ವಂತ ಪ್ರತಾಪವೂ ಅಲ್ಲ, ನಾರುಗಳ ನಡುವೆ ಸಿಕ್ಕಿಬಿದ್ದು ಅಲುಗಾಡದ ಗಾಳಿಯದ್ದು. ಕೊರತೆ ಇರುವುದು ಒಂದೇ ಕಡೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಗಾಳಿಯಿಂದಲೂ ಮೈಯಿಂದಲೂ ಒಳಗೆಳೆದುಕೊಂಡು, ಏನೂ ಆಗದವರ ಹಾಗೆ ಇರುತ್ತದೆ. ಅಕ್ರಿಲಿಕ್ ನೂರಕ್ಕೆ ಒಂದೆರಡು ಪಾಲು ಕುಡಿಯುವಷ್ಟರಲ್ಲಿ ಸಾಕು ಅನ್ನುತ್ತದೆ. ಹಾಗಾಗಿ ತೋಟಕ್ಕೆ ಹೋಗಿ ಬೆವರಿದವನಿಗೆ ಅದು ಒಳಗಿಂದ ತಣ್ಣಗೆ ಅಂಟಿಕೊಳ್ಳುತ್ತದೆ. ಇಷ್ಟೇ ದೋಷ. ಇಷ್ಟನ್ನು ಹೇಳಿ ತನ್ನ ಹೆಸರಿನಲ್ಲೇ ಮಾರಾಟವಾದರೆ ಅದು ಮರ್ಯಾದಸ್ಥ ಬಟ್ಟೆ.

ಆದರೆ ಈ ವ್ಯಾಪಾರದಲ್ಲಿ ಯಾರೂ ತಮ್ಮ ಹೆಸರಿನಲ್ಲಿ ಬದುಕುವುದಿಲ್ಲ. ಹೆಣ್ಣುಮಕ್ಕಳು ತಲೆಮಾರಿನಿಂದ ಹೆಣೆದ 'ಕ್ಯಾಶ್ಮಿಲಾನ್' ಎಂಬ ನೂಲು ಕಾಶ್ಮೀರದ ಮೊಮ್ಮಗಳ ಹಾಗೆ ಕೇಳಿಸುತ್ತದೆ, ಹುಟ್ಟಿದ್ದು ಅಕ್ರಿಲಿಕ್ಕಿನ ಮನೆಯಲ್ಲಿ. ಜಾತ್ರೆಯಲ್ಲಿ ರಾಶಿ ಹಾಕುವ, ಹುಲಿ ಗುಲಾಬಿಗಳ ಚಿತ್ರವಿರುವ 'ಮಿಂಕ್' ಹೊದಿಕೆಗೆ ಯಾವ ಮಿಂಕ್ ಪ್ರಾಣಿಯೂ ಒಂದು ಕೂದಲು ಕೊಟ್ಟಿಲ್ಲ. ಅದು ಸಾಮಾನ್ಯವಾಗಿ ಪಾಲಿಯೆಸ್ಟರ್. 'ಶೆರ್ಪಾ' ಹೊದಿಕೆಯೂ ಪಾಲಿಯೆಸ್ಟರ್ರೇ, ಅಲ್ಲಿ ಪ್ರಾಣಿಯ ಬದಲು ಒಂದು ಜನಾಂಗದ ಹೆಸರನ್ನೇ ಎತ್ತಿಕೊಂಡಿದ್ದಾರೆ. 'ಪಶ್ಮಿನಾ ಟಚ್' ಶಾಲಿಗೂ ಲಡಾಖಿನ ಆಡಿಗೂ ಇರುವ ಸಂಬಂಧ ಮುಟ್ಟಿದ್ದಷ್ಟೇ. ಅದೂ ಯಾರು ಯಾರನ್ನು ಮುಟ್ಟಿದರು ಎಂದು ಹೇಳಿಲ್ಲ.

ಈ ಮೊದಲ ಸ್ವೆಟರನ್ನು ನಮ್ಮ ಮನೆಯವಳು ಎರಡು ಚಳಿಗಾಲ ಹೇಗೆ ತೊಳೆದಳು ಎಂಬುದನ್ನು ದಾಖಲಿಸಬೇಕು, ಏಕೆಂದರೆ ಕೊಲೆಯ ಬೀಜ ಅಲ್ಲಿದೆ. ಬಚ್ಚಲ ಹಂಡೆಯಿಂದ ಕುದಿಯುವ ನೀರು, ಬಕೆಟಿಗೆ ಮುಷ್ಟಿ ತುಂಬ ಸೋಪಿನ ಪುಡಿ, ಅರ್ಧ ತಾಸು ನೆನೆ, ಆಮೇಲೆ ಒಗೆಯುವ ಕಲ್ಲಿನ ಮೇಲೆ ನಾಲ್ಕು ಬಡಿತ, ಎರಡು ಹಿಂಡು, ತಂತಿಯ ಮೇಲೆ. ಸ್ವೆಟರಿಗೆ ಏನೂ ಆಗಲಿಲ್ಲ. ಆಗಲಿಕ್ಕೆ ಅದರಲ್ಲಿ ಉಣ್ಣೆ ಇದ್ದರಲ್ಲವೆ? ಆದರೆ ಅವಳ ಲೆಕ್ಕದಲ್ಲಿ ಅದು ಉಣ್ಣೆಯ ಸ್ವೆಟರು. ಮಗ ಹಾಗಂತ ಹೇಳಿದ್ದ, ಫೋನು ಹಾಗಂತ ಹೇಳಿತ್ತು. ಎರಡು ವರ್ಷದ ಅನುಭವದಿಂದ ಅವಳು ಕಲಿತ ಪಾಠ ಇದು: ಉಣ್ಣೆಯನ್ನು ಹೇಗೆ ಒಗೆದರೂ ನಡೆಯುತ್ತದೆ. ತಪ್ಪು ಪಠ್ಯಪುಸ್ತಕದಿಂದ ಕಲಿತರೂ ಅವಳು ಸರಿಯಾಗಿಯೇ ಕಲಿತಿದ್ದಳು.

ಹೀಗಿರುವಾಗ ಎರಡನೆಯ ಸ್ವೆಟರ್ ಬಂತು. ಸಂಬಳ ಏರಿದ ಮಗ ಈ ಸಲ ಹಟಕ್ಕೆ ಬಿದ್ದು ನಿಜವಾದ ಉಣ್ಣೆಯನ್ನೇ ಕೊಂಡಿದ್ದ. 100% ಮೆರಿನೋ, 19 ಮೈಕ್ರಾನ್. ಬೆಲೆ ಎಷ್ಟೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಎರಡು ಪಕ್ಷಕ್ಕೂ ಅದು ಕ್ಷೇಮ.

ಈ ಮೈಕ್ರಾನ್ ಎಂಬುದೊಂದೇ ಇಡೀ ಜಾಹೀರಾತಿನಲ್ಲಿ ಪ್ರಯೋಜನಕ್ಕೆ ಬರುವ ಮಾತಾಗಿತ್ತು, ಹಾಗಾಗಿ ಅದನ್ನು ಕೊನೆಯಲ್ಲಿ ಹಾಕಿದ್ದರು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮೈಕ್ರಾನ್. ನಮ್ಮ ತಲೆಗೂದಲು ಹೆಚ್ಚು ಕಡಿಮೆ 70 ಮೈಕ್ರಾನ್ ದಪ್ಪ. ಈ ಸ್ವೆಟರಿನ ಮೆರಿನೋ ಕೂದಲು 19. ನಮ್ಮ ಬಯಲುಸೀಮೆಯ ದಖ್ಖನಿ ಕುರಿಯದ್ದು 40ನ್ನು ಸುಲಭವಾಗಿ ದಾಟುತ್ತದೆ. ಚುಚ್ಚುವುದು ಚುಚ್ಚದಿರುವುದು ನಿಂತಿರುವುದು ಈ ಅಂಕಿಯ ಮೇಲೆ.

ಉಣ್ಣೆ ಚುಚ್ಚಿದರೆ ಬಹಳ ಮಂದಿ 'ನಂಗೆ ಉಣ್ಣೆ ಅಲರ್ಜಿ' ಅನ್ನುತ್ತಾರೆ. ಹೆಚ್ಚಿನವರಿಗೆ ಅಲರ್ಜಿಯೂ ಇಲ್ಲ, ಗಿಲರ್ಜಿಯೂ ಇಲ್ಲ. ಕ್ಷೌರ ಮಾಡಿಸಿಕೊಂಡು ಬಂದ ಮೇಲೆ ಕಾಲರಿನ ಒಳಗೆ ಕೂತ ತುಂಡುಕೂದಲು ಏನು ಮಾಡುತ್ತದೋ ಅದನ್ನೇ ಉಣ್ಣೆಯ ತುದಿಗಳು ಮಾಡುತ್ತವೆ. ಬಟ್ಟೆಯಿಂದ ಹೊರಗೆ ಚಾಚಿದ ತುದಿ ಚರ್ಮಕ್ಕೆ ತಾಗಿದಾಗ ನಾರು ತೆಳ್ಳಗಿದ್ದರೆ ನಯವಾಗಿ ಬಾಗುತ್ತದೆ, ದಪ್ಪಗಿದ್ದರೆ ಬಾಗದೆ ಮುಳ್ಳಿನ ಹಾಗೆ ಒತ್ತುತ್ತದೆ, ಕೆಳಗಿನ ನರ ದೂರು ಕೊಡುತ್ತದೆ. ನಾರಿನ ದಪ್ಪ ಎರಡು ಪಟ್ಟಾದರೆ ಅದರ ಬಿಗುವು ಎರಡು ಪಟ್ಟಲ್ಲ, ಹದಿನಾರು ಪಟ್ಟಾಗುತ್ತದೆ. 19 ಮೈಕ್ರಾನಿನದು ಮೈಮೇಲೆ ನಮಸ್ಕಾರ ಮಾಡಿದರೆ 38ರದ್ದು ಕೋಲು ಹಿಡಿದು ನಿಲ್ಲುತ್ತದೆ. ಬಟ್ಟೆಯಲ್ಲಿ 30 ಮೈಕ್ರಾನಿಗಿಂತ ದಪ್ಪದ ನಾರು ನೂರಕ್ಕೆ ಐದರ ಆಸುಪಾಸು ಇದ್ದರೆ ಸಾಕು, ಹೆಚ್ಚಿನವರ ಮೈ ಅದನ್ನು ಪತ್ತೆ ಹಚ್ಚುತ್ತದೆ. ಮೈ ಕೆರೆಸುವ ಹುಳಕ್ಕೆ ನಮ್ಮವರು 'ಕಂಬಳಿಹುಳ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬೇರೆ ಯಾವ ಬಟ್ಟೆಗೂ ಹುಳವೊಂದು ಇಷ್ಟು ಪ್ರಾಮಾಣಿಕ ಪ್ರಚಾರ ಕೊಟ್ಟಿಲ್ಲ.

ಮೆರಿನೋ ಸ್ವೆಟರನ್ನು ಬರಿಮೈಗೆ ಹಾಕಿಕೊಂಡೆ. ಚುಚ್ಚಲಿಲ್ಲ. ಒಂಬತ್ತು ಬೆಳಗು ಮಂಜಿನಲ್ಲಿ ತೋಟಕ್ಕೆ ಹೋದೆ, ಬೆವರಿದೆ, ಬಂದೆ. ಹತ್ತನೆಯ ದಿನ ನಾನು ಯಲ್ಲಾಪುರಕ್ಕೆ ಹೋಗಿದ್ದೆ. ಸ್ವೆಟರ್ ಒಗೆಯುವ ಬುಟ್ಟಿಯಲ್ಲಿತ್ತು.

ಸಂಜೆ ಬಂದಾಗ ಮನೆಯವಳು ಜಗಲಿಯಲ್ಲಿ ಏನನ್ನೋ ಎರಡು ಕೈಯಲ್ಲಿ ಎತ್ತಿ ಹಿಡಿದು ನೋಡುತ್ತಿದ್ದಳು. "ಇದು ಎಂತಾ ಆತು ನೋಡಿ. ಬೆಳಗ್ಗೆ ನಿಂಗಳ ಅಂಗಿ, ಈಗ ಕೂಸಿನ ಅಂಗಿ," ಅಂದಳು. ಅಳತೆಪಟ್ಟಿ ತಂದೆ. ಬಂದ ದಿನ ಎದೆಯ ಅಗಲ 54 ಸೆಂಟಿಮೀಟರ್, ಉದ್ದ 68 ಇತ್ತು. ಈಗ 41 ಮತ್ತು 47. ಗುಣಿಸಿ ನೋಡಿದರೆ ಹೆಚ್ಚು ಕಡಿಮೆ ಅರ್ಧ ಸ್ವೆಟರ್ ಮಾಯ. ಸೋಜಿಗವೆಂದರೆ ತೂಕ ಹೋಗಿರಲಿಲ್ಲ. ಅಷ್ಟೇ ಉಣ್ಣೆ ಅರ್ಧ ಜಾಗದಲ್ಲಿ ದಪ್ಪಗೆ, ಗಟ್ಟಿಯಾಗಿ, ಹೆಣಿಗೆಯ ಒಂದು ಕಣ್ಣೂ ಕಾಣದ ಹಾಗೆ ಒತ್ತಿಕೊಂಡು ಕೂತಿತ್ತು.

"ಬಿಸಿನೀರಿಗೆ ಹಾಕಿದ್ದೆಯಾ?" ಅಂದೆ.

"ಮತ್ತೆಂತ? ಹಿಂದಿನ ಉಣ್ಣೆಗೂ ಹಾಂಗೇ ಮಾಡಿದ್ದು. ಅದಕ್ಕೆ ಎಂತೂ ಆಜಿಲ್ಲೆ."

ಇದಕ್ಕೆ ಉತ್ತರ ಕೊಡಬೇಕಾದವನು ನಾನಲ್ಲ. 'ವುಲನ್ ಫೀಲ್' ಎಂದು ಬರೆದವನು. ಅವನ ಸುಳ್ಳಿಗೆ ಅವನ ಬಟ್ಟೆ ಬಲಿಯಾಗಲಿಲ್ಲ, ಎರಡು ವರ್ಷ ಕಾದು ಇನ್ನೊಬ್ಬರ ನಿಜದ ಬಟ್ಟೆ ಬಲಿಯಾಯಿತು. ಸುಳ್ಳಿನ ಜಾಹೀರಾತಿನಿಂದ ದುಡ್ಡು ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಒಗೆಯುವ ಕೈಗಳಿಗೆ ತಪ್ಪು ವಿದ್ಯೆ ಕಲಿಸುತ್ತದೆ ಎಂದು ಯಾರೂ ಹೇಳುವುದಿಲ್ಲ.

ಕೊಲೆ ನಡೆದ ವಿಧಾನ ಹೀಗೆ. ಕುರಿಯ ಕೂದಲಿನ ಮೈ ನುಣುಪಲ್ಲ. ಹಂಚು ಹೊದಿಸಿದ ಮಾಡಿನ ಹಾಗೆ ಒಂದರ ಮೇಲೊಂದು ಹುರುಪೆಗಳಿರುತ್ತವೆ, ಎಲ್ಲವೂ ತುದಿಯ ಕಡೆಗೇ ಮುಖ ಮಾಡಿರುತ್ತವೆ. ಹಾಗಾಗಿ ನಾರು ಬುಡದ ದಿಕ್ಕಿಗೆ ಸಲೀಸಾಗಿ ಜಾರುತ್ತದೆ, ತುದಿಯ ದಿಕ್ಕಿಗೆ ಜಾರಲು ಹೋದರೆ ಸಿಕ್ಕಿಕೊಳ್ಳುತ್ತದೆ. ಬಿಸಿನೀರು ನಾರನ್ನು ಉಬ್ಬಿಸಿ ಮೆತ್ತಗೆ ಮಾಡಿತು. ಸೋಪಿನ ಪುಡಿಯ ಸೋಡಾ ಹುರುಪೆಗಳನ್ನು ಇನ್ನಷ್ಟು ತೆರೆಯಿತು. ಇಷ್ಟಾದ ಮೇಲೆ ಕಲ್ಲಿನ ಮೇಲೆ ಬಿದ್ದ ಒಂದೊಂದು ಬಡಿತಕ್ಕೂ ಪ್ರತಿ ನಾರು ಒಂದೇ ದಿಕ್ಕಿಗೆ ಒಂದಿಷ್ಟು ತೆವಳಿತು, ಪಕ್ಕದ ನಾರಿನ ಹುರುಪೆಗೆ ಕೊಕ್ಕೆ ಹಾಕಿತು, ಹಿಂದೆ ಬರಲಿಲ್ಲ. ನಮ್ಮ ಸರಕಾರಿ ಕಡತಗಳೂ ಹೀಗೆಯೇ ಒಂದೇ ದಿಕ್ಕಿಗೆ ಚಲಿಸುತ್ತವೆ. ಅಂಥ ಸಾವಿರಾರು ನಾರು ಒಟ್ಟಾಗಿ ಎಳೆದುಕೊಂಡರೆ ಬಟ್ಟೆ ಕುಗ್ಗಿ ಕಂಬಳಿಯ ತುಂಡಾಗುತ್ತದೆ. ಅದು ಮೆರಿನೋ ಆಗಿದ್ದೇ ಇನ್ನೊಂದು ಪಾಪ. ನಾರು ತೆಳ್ಳಗಾದಷ್ಟೂ ಸುಲಭವಾಗಿ ಬಾಗಿ ಹೆಣೆದುಕೊಳ್ಳುತ್ತದೆ, ಬೇಗ ಕುಗ್ಗುತ್ತದೆ. ಅಂದರೆ ನಾವು ದುಡ್ಡು ಕೊಟ್ಟು ಕೊಂಡ ಆ ಮೃದುತ್ವವೇ ಸ್ವೆಟರಿನ ಕುತ್ತಿಗೆ ಹಿಸುಕಿತು.

ಮನೆಯವಳು ಹಾಕಿದ ಪುಡಿಯ ಪೊಟ್ಟಣದ ಮೇಲೆ 'ಮೊಟ್ಟೆ, ರಕ್ತದ ಕಲೆಯನ್ನೂ ಕರಗಿಸುವ ಕಿಣ್ವ' ಇದೆಯೆಂದು ಹೆಮ್ಮೆಯಿಂದ ಬರೆದಿತ್ತು. ಮೊಟ್ಟೆ ಪ್ರೋಟೀನು, ರಕ್ತ ಪ್ರೋಟೀನು, ಉಣ್ಣೆಯೂ ಪ್ರೋಟೀನು. ಕಲೆ ಯಾವುದು, ಅಂಗಿ ಯಾವುದು ಎಂದು ಕಿಣ್ವಕ್ಕೆ ಯಾರು ಹೇಳಿಕೊಡಬೇಕು? ಒಂದೆರಡು ಒಗೆತದಲ್ಲಿ ಗೊತ್ತಾಗದಿದ್ದರೂ ಹತ್ತಾರು ಸಲ ಹೀಗೇ ನಡೆದರೆ ಉಣ್ಣೆ ತೆಳುವಾಗುತ್ತ ಬಲ ಕಳೆದುಕೊಳ್ಳುತ್ತದೆ.

ಹಾಗಾದರೆ ಹೇಗೆ ತೊಳೆಯಬೇಕಿತ್ತು? ಅದೂ ಪಟ್ಟಿಯಲ್ಲಿತ್ತು, ಚಿತ್ರಲಿಪಿಯಲ್ಲಿ. ನೀರಿನ ತೊಟ್ಟಿಯೊಳಗೆ ಒಂದು ಕೈ, ಅದರಲ್ಲಿ 30 ಎಂಬ ಅಂಕಿ. ಹೊಡೆದು ಹಾಕಿದ ಒಂದು ತ್ರಿಕೋಣ. ಒಂದು ಚೌಕದೊಳಗೆ ಅಡ್ಡ ಗೆರೆ. ಹರಪ್ಪಾದ ಮುದ್ರೆಗಳನ್ನು ಓದಿದವರು ಇದ್ದರೆ ಇದನ್ನೂ ಓದಿಯಾರು. ನಾನು ಬಿಡಿಸಿಕೊಂಡ ಅರ್ಥ ಇದು. 30 ಡಿಗ್ರಿ ಮೀರದ ನೀರಲ್ಲಿ ಕೈಯಿಂದ ತೊಳೆ, ಬ್ಲೀಚು ಬೇಡ, ಚಪ್ಪಟೆಯಾಗಿ ಹಾಸಿ ಒಣಗಿಸು. 30 ಡಿಗ್ರಿಯನ್ನು ಅಳೆಯಲು ಉಷ್ಣಮಾಪಕ ಬೇಕಾಗುವುದು ಚಳಿದೇಶದವರಿಗೆ, ಅಲ್ಲಿ ನಲ್ಲಿಯ ನೀರಿಗೆ ಕೈ ಹಾಕಿದರೆ ಬೆರಳು ಮರಗಟ್ಟುತ್ತದೆ. ರಾಮನಗುಳಿಯ ಬಾವಿಯ ನೀರು ಸೇದಿದಾಗಲೇ 27ರ ಆಸುಪಾಸಿನಲ್ಲಿರುತ್ತದೆ. ನಮ್ಮಲ್ಲಿ ಹಂಡೆಯ ಕಡೆಗೆ ತಿರುಗದಿದ್ದರೆ ಸಾಕು, ಸೂಚನೆ ಪಾಲಿಸಿದ ಹಾಗೆ. ಒಂದೇ ಒಂದು ಸಾಲಿನಲ್ಲಿ 'ಬಾವಿಯ ನೀರು, ಕೈಯಲ್ಲಿ ಒತ್ತಿ, ಉಜ್ಜಬೇಡಿ' ಅಂತ ಬರೆದಿದ್ದರೆ ನನ್ನ ಸ್ವೆಟರ್ ಇವತ್ತಿಗೂ ನನ್ನ ಮೈಮೇಲಿರುತ್ತಿತ್ತು.

ಕ್ರಮ ಇಷ್ಟೇ. ಬಕೆಟಿನಲ್ಲಿ ಬಾವಿಯ ನೀರು, ಒಂದು ಚಮಚ ಉಣ್ಣೆಬಟ್ಟೆಯ ದ್ರವಸಾಬೂನು, ಇಲ್ಲದಿದ್ದರೆ ಅಂಟವಾಳಕಾಯಿಯ ನೊರೆ. ಅಂಟವಾಳದಲ್ಲಿ ಸೋಡಾದ ಕ್ಷಾರವಿಲ್ಲ, ಕಿಣ್ವವೂ ಇಲ್ಲ. ಸ್ವೆಟರನ್ನು ಅದರಲ್ಲಿ ಅದ್ದಿ ಹಿಟ್ಟು ನಾದುವ ಕಾಲುಭಾಗ ಬಲದಲ್ಲಿ ಐದಾರು ನಿಮಿಷ ಒತ್ತಿ ಬಿಡುವುದು. ಎತ್ತುವಾಗ ಒಂದು ತೋಳು ಹಿಡಿದು ಎಳೆಯದೆ, ಎಳೆಕೂಸನ್ನು ಮೀಯಿಸಿ ಎತ್ತುವ ಹಾಗೆ ಅಡಿಗೆ ಎರಡೂ ಕೈ ಕೊಡುವುದು. ಒದ್ದೆ ಉಣ್ಣೆಗೆ ಬಲ ಕಡಿಮೆ, ತನ್ನ ಭಾರಕ್ಕೇ ಜೋತುಬೀಳುತ್ತದೆ. ಜಾಲಿಸುವುದೂ ಅದೇ ಬಾವಿಯ ನೀರಲ್ಲಿ. ಹಿಂಡದೆ ದಪ್ಪ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರವುವುದು. ತಂತಿಗೆ ತೂಗಿಹಾಕಿದರೆ ಎರಡು ದಿನದಲ್ಲಿ ಸ್ವೆಟರಿನ ತೋಳು ಮೊಣಕಾಲು ಮುಟ್ಟುತ್ತದೆ. ಎಲ್ಲಕ್ಕಿಂತ ಉತ್ತಮ, ಒಳಗೊಂದು ಬನಿಯನ್ ಹಾಕಿಕೊಂಡು, ತೊಳೆಯುವ ಪ್ರಸಂಗವನ್ನೇ ಚಳಿಗಾಲಕ್ಕೆ ಒಂದು ಸಲಕ್ಕೆ ಇಳಿಸುವುದು.

ಕುಗ್ಗಿದ್ದನ್ನು ಹಿಗ್ಗಿಸಬಹುದೇ ಎಂದು ಮಗ ಕೇಳಿದ. ಹೆಣಿಗೆಯ ಕಣ್ಣುಗಳು ಇನ್ನೂ ಕಾಣುತ್ತಿದ್ದರೆ, ಬಟ್ಟೆ ಸುಮ್ಮನೆ ಮುದುಡಿದೆ ಎಂದರ್ಥ. ಒದ್ದೆ ಮಾಡಿ ಮೆಲ್ಲಗೆ ಎಳೆದು ಗುಂಡುಸೂಜಿ ಚುಚ್ಚಿ ಹಾಸಿದರೆ ಒಂದಿಷ್ಟು ವಾಪಸು ಬರುತ್ತದೆ. ಕಣ್ಣು ಮುಚ್ಚಿಹೋಗಿದ್ದರೆ ಮುಗಿಯಿತು, ಹಾಕಿಕೊಂಡ ಕೊಕ್ಕೆ ಬಿಡಿಸುವವರು ಭೂಮಿಯ ಮೇಲಿಲ್ಲ. ನನ್ನ ಸ್ವೆಟರ್ ಕಣ್ಣು ಮುಚ್ಚಿತ್ತು.

ಮಾರುಕಟ್ಟೆಯಲ್ಲಿ 'ಯಂತ್ರದಲ್ಲಿ ತೊಳೆಯಬಹುದಾದ ಶುದ್ಧ ನೈಸರ್ಗಿಕ ಉಣ್ಣೆ'ಯೂ ಸಿಗುತ್ತದೆ ಎಂದು ಮಗ ಸಮಾಧಾನ ಹೇಳಿದ. ಸಿಗುತ್ತದೆ. ಹೆಚ್ಚಾಗಿ ಅದರ ಹುರುಪೆಗಳನ್ನು ಕ್ಲೋರಿನ್ನಿನಲ್ಲಿ ಸವೆಸಿ, ಮೇಲೆ ತೆಳುವಾದ ರಾಳದ ಲೇಪ ಕೊಟ್ಟಿರುತ್ತಾರೆ. ಹುರುಪೆ ಮುಚ್ಚಿಹೋದರೆ ಕೊಕ್ಕೆ ಇಲ್ಲ, ಕುಗ್ಗುವುದೂ ಇಲ್ಲ. ತಂತ್ರ ಒಳ್ಳೆಯದೇ. ಆದರೆ ಪ್ಲಾಸ್ಟಿಕ್ ರೈನ್‌ಕೋಟ್ ತೊಟ್ಟ ಕುರಿಗೆ 'ಶುದ್ಧ ನೈಸರ್ಗಿಕ' ಎಂಬ ಪ್ರಶಸ್ತಿ ಫಲಕ ಕೊಡುವಾಗ ಫೋಟೋ ತೆಗೆದವನಾದರೂ ನಕ್ಕಿರಬೇಕು.

ಇಷ್ಟೆಲ್ಲ ಆದ ಮೇಲೆ ನಾನು ಅಟ್ಟ ಹತ್ತಿ ಅಪ್ಪಯ್ಯನ ಕಂಬಳಿ ಇಳಿಸಿದೆ. ಅದನ್ನು ಕೊಂಡ ದಿನ ನನಗೆ ಹತ್ತು ವರ್ಷ. ಆ ಕಂಬಳಿ ವ್ಯಾಪಾರಿ ನಮ್ಮ ಜಗಲಿಯಲ್ಲಿ ಕೂತು ಬಾಯಲ್ಲೇ ಕೊಟ್ಟ ಜಾಹೀರಾತು ನನಗೆ ಈಗಲೂ ಕಿವಿಯಲ್ಲಿದೆ.

ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ, "ಚುಚ್ಚುತ್ತದೇನೋ?"

"ಚುಚ್ಚದ ಏನ್ರೀ ಯಜಮಾನ್ರ, ಕುರಿ ಕೂದಲ ಐತಿ, ರೇಶ್ಮಿ ಅಲ್ಲ. ಮೈಮ್ಯಾಗ ಒಂದು ಅರಿವಿ ಹಾಕ್ಕೊಂಡು ಹೊದ್ಕೋರಿ."

"ತೊಳೆಯುವುದು?"

"ತೊಳಿಯಾಕ ಹೋಗಬ್ಯಾಡ್ರಿ. ಬಿಸಲಿಗೆ ಹಾಕಿ ಝಾಡಿಸ್ರಿ. ತೊಳೀಲೇಬೇಕಂದ್ರ ತಣ್ಣೀರಾಗ ಅದ್ದಿ ತಗೀರಿ. ಬಡೀಬ್ಯಾಡ್ರಿ, ಹಿಂಡಬ್ಯಾಡ್ರಿ. ಮೊದಲನೇ ಸಲ ಗಂಜಿ ಹೋಗತೈತಿ, ಆಮ್ಯಾಲೆ ಮೆತ್ತಗ ಆಕ್ಕೈತಿ."

ಆಮೇಲೆ ಒಂದು ಎಳೆ ಕಿತ್ತು ತನ್ನ ಬೀಡಿಯ ಬೆಂಕಿಗೆ ಹಿಡಿದು ನಮ್ಮೆಲ್ಲರ ಮೂಗಿಗೆ ತೋರಿಸಿದ. ನಾರು ಯಾವುದು, ತುರಿಕೆ ಎಷ್ಟು, ತೊಳೆಯುವುದು ಹೇಗೆ, ದೋಷ ಏನು ಎಂಬ ನಾಲ್ಕೂ ವಿಷಯ ನಾಲ್ಕು ಮಾತಿನಲ್ಲಿ ಮುಗಿದವು. ಓದಲು ಬರೆಯಲು ಬಾರದ ಆ ಮನುಷ್ಯನಿಗೆ 'ಪ್ರೀಮಿಯಂ' ಎಂಬ ಶಬ್ದ ಗೊತ್ತಿರಲಿಲ್ಲ, ಹಾಗಾಗಿ ನಿಜ ಹೇಳದೆ ಬೇರೆ ದಾರಿ ಇರಲಿಲ್ಲ.

ಅವನು ತೊಳೆಯುವ ಬಗ್ಗೆ ಹೇಳಿದ್ದು ಸರಿ ಎಂಬುದಕ್ಕೆ 2019ರ ಆಗಸ್ಟಿನಲ್ಲಿ ಗಂಗಾವಳಿಯೇ ಸಾಕ್ಷಿ ಹೇಳಿತು. ನೆರೆ ಮನೆಯೊಳಗೆ ಬಂದಾಗ ಕಂಬಳಿಯ ಪೆಟ್ಟಿಗೆ ಕೆಳಗಿತ್ತು. ಎರಡು ದಿನ ಕೆಸರುನೀರಿನಲ್ಲಿ ಮುಳುಗಿತ್ತು. ತೆಗೆದು, ಬಾವಿಯ ನೀರಿನಲ್ಲಿ ನಾಲ್ಕು ಸಲ ಅದ್ದಿ ಅದ್ದಿ ಕೆಸರು ಬಿಡಿಸಿ, ಒಣಗಲು ವಾರ ಹಿಡಿದ ಮೇಲೆ ಅಳೆದರೆ ಮೊದಲಿದ್ದಷ್ಟೇ. ಕಂಬಳಿ ನೆರೆಗೂ ಕುಗ್ಗಲಿಲ್ಲ, ಸ್ವೆಟರ್ ಬಕೆಟಿಗೇ ಕುಗ್ಗಿತು. ನೀರಿನ ಮೇಲೆ ತಪ್ಪು ಹೊರಿಸುವವರು ಇದನ್ನು ಗಮನಿಸಬೇಕು. ಬಡಿತವಿಲ್ಲದೆ ನೀರೊಂದರಿಂದ ಈ ಕೆಲಸ ಆಗುವುದಿಲ್ಲ, ಬಿಸಿ ಮತ್ತು ಕ್ಷಾರ ಆ ಬಡಿತಕ್ಕೆ ಕೈಜೋಡಿಸುತ್ತವೆ.

ಕಂಬಳಿಯನ್ನು ಈಗ ಮಾರಲಿಕ್ಕೆ ಇಟ್ಟರೆ ಹೇಗೆ ಬರೆಯಬೇಕು ಎಂದು ಕೂತು ನಾನೇ ಒಂದು ವಿವರ ತಯಾರಿಸಿದೆ. ಉಣ್ಣೆಯ ಅನುಭವ ಮಾರುವವರು ಬೇಕಾದರೆ ನಕಲು ಮಾಡಿಕೊಳ್ಳಬಹುದು.

ನಾರು: ಕುರಿಯದ್ದು, ಪೂರಾ. ದಖ್ಖನಿ ಕುರಿ, ಬಣ್ಣ ಹಾಕಿಲ್ಲ, ಕುರಿಯೇ ಕಪ್ಪು. ಕುಣಿಮಗ್ಗದಲ್ಲಿ ನೇಯ್ದದ್ದು. ಹಾಸಿನ ನೂಲು ತುಂಡಾಗದಿರಲು ಹುಣಸೆಬೀಜದ ಗಂಜಿ ಬಳಿದಿದ್ದಾರೆ. ಹೊಸತರಲ್ಲಿ ಹಲಗೆಯ ಹಾಗೆ ನಿಲ್ಲುವುದು ಆ ಗಂಜಿಯಿಂದ, ಉಣ್ಣೆ ಜಾಸ್ತಿ ಎಂದಲ್ಲ. ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆ ಹೋದರೆ ಇಂಥದ್ದು ನೇಯುವವರು ಸಿಗುತ್ತಾರೆ.

ಬೆಚ್ಚಗೆ: ಅಗಲ 1.4 ಮೀಟರ್, ಉದ್ದ 2.4 ಮೀಟರ್, ತೂಕ ಎರಡೂವರೆ ಕಿಲೋ. ಭಾಗಿಸಿದರೆ ಚದರ ಮೀಟರಿಗೆ ಸುಮಾರು 744 ಗ್ರಾಂ. ಬರೀ 'ಹೆವಿ' ಎಂದು ಬರೆದವರನ್ನು ಈ ಒಂದು ಅಂಕಿ ಕೇಳಿ. ತೂಕ ಹೇಳಿ ಅಳತೆ ಹೇಳದವನು ದೊಡ್ಡ ತೆಳು ಹೊದಿಕೆಯನ್ನು ದಪ್ಪವೆಂದು ಮಾರುತ್ತಿರಬಹುದು. ಈ ಕಂಬಳಿ ರಾಮನಗುಳಿಯ ಚಳಿಗೆ ಅತಿಯಾಯಿತು. ಮಳೆಗೆ ಮಾತ್ರ ಹೇಳಿ ಮಾಡಿಸಿದ್ದು. ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಗದ್ದೆಗೆ ಹೋದರೆ, ಕೂದಲಲ್ಲಿ ಉಳಿದ ಕುರಿಜಿಡ್ಡಿನಿಂದ ಹನಿ ಸ್ವಲ್ಪ ಹೊತ್ತು ಜಾರಿಹೋಗುತ್ತದೆ. ಆಮೇಲೆ ಒದ್ದೆಯಾಗುತ್ತದೆ, ಭಾರವಾಗುತ್ತದೆ, ಒಳಗೆ ಬೆಚ್ಚಗೇ ಇರುತ್ತದೆ.

ತುರಿಕೆ: ಇದೆ. ಬರಿಮೈಗೆ ಹೊದೆದವರು ಸ್ವಂತ ಜವಾಬ್ದಾರಿಯಲ್ಲಿ ಹೊದೆಯಬೇಕು. ನಡುವೆ ಒಂದು ಹತ್ತಿಯ ಪಂಚೆ ಇದ್ದರೆ ಇಲ್ಲ. ಕಂಬಳಿಯ ಮೇಲೆ ಕೂತು ಉಂಡು ಅನ್ನದಲ್ಲಿ ಕೂದಲು ಬಂತು ಎಂದು ದೂರುವವರು ಕೊಳ್ಳಬಾರದು.

ತೊಳೆಯುವುದು: ಮೇಲಿನ ವ್ಯಾಪಾರಿ ಹೇಳಿದ ಹಾಗೆ. ಹಂಡೆಯ ಹತ್ತಿರ ಒಯ್ಯಬಾರದು.

ದೋಷ: ಕುರಿಯ ವಾಸನೆ, ಮಳೆಗಾಲದಲ್ಲಿ ಜಾಸ್ತಿ. ಒಣಗಿಸದೆ ಪೆಟ್ಟಿಗೆಗೆ ಹಾಕಿದರೆ ಬೂಷ್ಟು, ಬಿಸಿಲು ತೋರಿಸದಿದ್ದರೆ ನುಸಿ. ನುಸಿ ಹಿಡಿದರೆ ಬೇಸರ ಬೇಡ. ನುಸಿಯ ಮರಿ ತಿನ್ನುವುದು ಪ್ರಾಣಿಯ ಕೂದಲನ್ನು, ಅಕ್ರಿಲಿಕ್ಕನ್ನು ಅಲ್ಲ. ಅದು ತಿಂದಿದೆ ಎಂದರೆ ನಿಮ್ಮದು ಅಸಲಿ ಎಂದು ಪುಕ್ಕಟೆ ಪ್ರಮಾಣಪತ್ರ.

ಇದನ್ನು ಓದಿದ ಮಗ ಫೋನಿನಲ್ಲಿ ನಕ್ಕ. ಹೀಗೆ ಬರೆದರೆ ಒಂದೂ ಮಾರಾಟವಾಗುವುದಿಲ್ಲ ಅಂದ. ಇರಬಹುದು. ಆದರೆ ನಮ್ಮಪ್ಪ ಕೊಂಡಿದ್ದ, ಚೌಕಾಶಿಯನ್ನೂ ಮಾಡದೆ.

ಸತ್ತ ಸ್ವೆಟರನ್ನು ಏನು ಮಾಡುವುದೆಂದು ತಿಂಗಳು ಯಾರಿಗೂ ತೋಚಲಿಲ್ಲ. ಮೊಮ್ಮಗಳು ಹಾಕಿಕೊಳ್ಳಲು ಒಪ್ಪಲಿಲ್ಲ, ಅದು ಅವಳ ಮೈಮೇಲೆ ರಟ್ಟಿನ ಪೆಟ್ಟಿಗೆಯ ಹಾಗೆ ನಿಲ್ಲುತ್ತಿತ್ತು. ಒಂದು ದಿನ ಅಡಿಗೆಮನೆಗೆ ಹೋದರೆ ಮನೆಯವಳು ಒಲೆಯಿಂದ ಗಂಜಿಯ ಪಾತ್ರೆ ಇಳಿಸುತ್ತಿದ್ದಳು. ಕೈಯಲ್ಲಿ ನೀಲಿ ಬಣ್ಣದ, ದಪ್ಪನೆಯ, ಚೌಕಾಕಾರದ ಎರಡು ತುಂಡು. ಹೊಸ ಮಸಿಬಟ್ಟೆ. ಕತ್ತರಿಸಿದ ಅಂಚಿನಲ್ಲಿ ಒಂದು ಎಳೆಯೂ ಬಿಟ್ಟಿರಲಿಲ್ಲ, ಅಷ್ಟು ಚೆನ್ನಾಗಿ ಕುಗ್ಗಿತ್ತು. ಉಣ್ಣೆ ಬಿಸಿಯನ್ನು ಬೇಗ ದಾಟಿಸುವುದಿಲ್ಲ, ಕರಗುವುದಿಲ್ಲ, ಕಿಡಿ ಬಿದ್ದರೆ ಹೊಗೆಯಾಡಿ ಆರುತ್ತದೆ. ಮೊದಲ ಸ್ವೆಟರನ್ನು ಕತ್ತರಿಸಿ ಈ ಕೆಲಸಕ್ಕೆ ಹಚ್ಚಿದ್ದರೆ ಅದು ಪಾತ್ರೆಗೂ ಕೈಗೂ ಒಟ್ಟಿಗೆ ಅಂಟಿಕೊಂಡು ತನ್ನ 'ಟಚ್' ಏನೆಂದು ತೋರಿಸುತ್ತಿತ್ತು.

ಅದೇ ಹೊತ್ತಿಗೆ ಮಗನ ಫೋನ್ ಬಂತು. ಈ ವರ್ಷವೂ ಚಳಿ ಜೋರಂತೆ ಅಲ್ಲಿ. "ಅಪ್ಪಯ್ಯ, ಸ್ವೆಟರ್ ಬೆಚ್ಚಗೆ ಇದ್ದಾ?" ಎಂದು ಕೇಳಿದ.

ಮನೆಯವಳು ಪಾತ್ರೆ ಇಳಿಸಿ, ಮಸಿಬಟ್ಟೆಯನ್ನು ಗೂಟಕ್ಕೆ ಸಿಕ್ಕಿಸಿ, ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಒಂಚೂರೂ ಬಿಸಿ ತಾಗ್ತಿಲ್ಲೆ ತಮಾ," ಅಂದಳು. "ಇಂಥಾದ್ದೇ ಇನ್ನೊಂದು ಕಳಸು."